ಪ್ಲೈವುಡ್ ಪೆಟ್ಟಿಗೆಯಲ್ಲಿ ಮರುಭೂಮಿ: ಗಾಳಿ ಮರಳನ್ನೂ ಧೂಳನ್ನೂ ತೂರಿದ್ದು

ತಲಕಾಡಿನ ಮರಳ ದಿಬ್ಬದ ಮೇಲೆ ಬರಿಗಾಲಲ್ಲಿ ನಡೆದವರಿಗೆ ಗೊತ್ತಿರುತ್ತದೆ, ಅಲ್ಲಿ ಕಾಲಿಗೆ ಮಣ್ಣು ಅಂಟುವುದಿಲ್ಲ. ಮುಷ್ಟಿಯಲ್ಲಿ ಮರಳು ತೆಗೆದುಕೊಂಡು ಸುರಿದರೆ ಅಂಗೈಯಲ್ಲಿ ಧೂಳಿನ ಕಲೆ ಉಳಿಯುವುದೇ ಅಪರೂಪ. ಕಾವೇರಿಯ ಪಾತ್ರದಿಂದ ಗಾಳಿ ಎತ್ತಿ ತಂದು ಗುಡಿಗಳ ಮೇಲೆ ಸುರಿದ ಮರಳು ಅದು. ಹೊಳೆಯಲ್ಲಿ ಮರಳಿನ ಜೊತೆ ಹೂಳೂ ಇರುತ್ತದೆ, ದಪ್ಪ ಹರಳೂ ಇರುತ್ತದೆ. ದಿಬ್ಬದಲ್ಲಿ ಅವು ಯಾಕಿಲ್ಲ? ಒಂದಷ್ಟನ್ನು ಹೊಳೆಯೇ ಬೇರೆ ಮಾಡಿರುತ್ತದೆ, ಮಿಕ್ಕದ್ದು ಗಾಳಿಯ ಕೆಲಸ. ಆ ಗಾಳಿಯ ಕೆಲಸವನ್ನು ಕಣ್ಣಾರೆ ನೋಡಬೇಕು ಅಂತ ನಾನು ಮನೆಯ ಹಿತ್ತಲಲ್ಲಿ ಒಂದು ಗಾಳಿ ಸುರಂಗ ಕಟ್ಟಿದೆ. ಜುಲೈನಲ್ಲಿ ಶುರು ಮಾಡಿ ಫೆಬ್ರವರಿಯಲ್ಲಿ ಮುಗಿಸಿದೆ. ಏನೇನು ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು, ಕೊನೆಗೆ ಏನು ಕಂಡಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಕಲ್ಲಿನ ನಯವಾದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಈ ಕೆಲಸ ಮಾಡುವಾಗ ಬಟ್ಟೆ ಕಟ್ಟಿಕೊಂಡರೆ ಸಾಲದು. ಎನ್-95 ಮಾಸ್ಕ್ ಬೇಕು, ಕಣ್ಣಿಗೆ ಮುಚ್ಚಿದ ಕನ್ನಡಕ ಬೇಕು, ಧೂಳು ಮನೆಯೊಳಗೆ ಬಾರದ ಹಾಗೆ ಬಯಲಿನಲ್ಲೇ ಮಾಡಬೇಕು. ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ.

ಪೆಟ್ಟಿಗೆ

8x4 ಅಡಿಯ 12 ಮಿ.ಮೀ. ಪ್ಲೈವುಡ್ ಹಾಳೆ ಒಂದು ತಂದೆ. ಅಂಗಡಿಯಲ್ಲೇ ಉದ್ದಕ್ಕೆ ನಾಲ್ಕು ಪಟ್ಟಿ ಕೊಯ್ಸಿದೆ, ಒಂದೊಂದೂ ಒಂದಡಿ ಅಗಲ. ಒಂದು ತಳಕ್ಕೆ, ಒಂದು ಮೇಲ್ಮುಚ್ಚಳಕ್ಕೆ, ಒಂದು ಹಿಂದಿನ ಗೋಡೆಗೆ. ಮುಂದಿನ ಗೋಡೆ ಒಳಗಿನದು ಕಾಣುವ ಹಾಗೆ ಇರಬೇಕಾದ್ದರಿಂದ ಅದಕ್ಕೆ ಅಕ್ರಿಲಿಕ್ ಹಾಳೆ. ನಾಲ್ಕನೇ ಪಟ್ಟಿ ಚಿಕ್ಕಪುಟ್ಟ ಕೆಲಸಕ್ಕೆ ಉಳಿಯಿತು. ಒಳಗಿನ ಅಳತೆ 30 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲ, ಉದ್ದ ಸುಮಾರು 2.4 ಮೀಟರ್. ಇದನ್ನು ಹಳೆಯ ಮೇಜಿನ ಮೇಲೆ ಮಟ್ಟ ಮಾಡಿ ಇಟ್ಟೆ.

ಒಂದು ತುದಿಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಒಳಕ್ಕೆ ಊದುವ ಹಾಗೆ ಮಾಡಿದೆ. ಎರಡು ತಪ್ಪು ಒಟ್ಟಿಗೇ ಆಯಿತು. ಫ್ಯಾನ್ ಊದುವ ಗಾಳಿ ನೇರ ಹೋಗುವುದಿಲ್ಲ, ತಿರುಪಿನ ಹಾಗೆ ಸುತ್ತುತ್ತಾ ಹೋಗುತ್ತದೆ. ಒಂದು ಊದುಬತ್ತಿ ಹಚ್ಚಿ ಹಿಡಿದರೆ ಸಾಕು, ಹೊಗೆಯ ಎಳೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೊರಳುವುದು ಕಾಣುತ್ತದೆ. ಜೊತೆಗೆ ಗಾಳಿ ಸಾಲಲಿಲ್ಲ. ಕೈಯಲ್ಲಿ ಹಿಡಿಯುವ ಚಿಕ್ಕ ಗಾಳಿಮಾಪಕ ಸೆಕೆಂಡಿಗೆ 4 ಮೀಟರ್ ತೋರಿಸಿತು. ಮರಳು ಒಂದು ಕಣವೂ ಅಲುಗಲಿಲ್ಲ.

ಆಮೇಲೆ 18 ಇಂಚಿನ ಹೆವಿ ಡ್ಯೂಟಿ ಫ್ಯಾನ್ ತಂದೆ. ಅದನ್ನು ಇನ್ನೊಂದು ತುದಿಗೆ ಹಾಕಿ, ಊದುವ ಬದಲು ಎಳೆಯುವ ಹಾಗೆ ಮಾಡಿದೆ. ಎಳೆದ ಗಾಳಿ ಎಷ್ಟೋ ಸಮಾಧಾನವಾಗಿ ಬರುತ್ತದೆ. ಪೆಟ್ಟಿಗೆಯ ಚೌಕ ಬಾಯಿಯಿಂದ ಫ್ಯಾನಿನ ದುಂಡು ಬಾಯಿಗೆ ತಗಡಿನ ಆಲಿಕೆ ಮಾಡಿಸಿ, ಸಂದುಗಳಿಗೆಲ್ಲ ಸಿಲಿಕೋನ್ ತುಂಬಿದೆ. ಆಲಿಕೆಯ ಪಕ್ಕದಲ್ಲಿ ಒಂದು ಜಾರುವ ಕಿಂಡಿ ಇದೆ. ಅದನ್ನು ತೆರೆದರೆ ಫ್ಯಾನ್ ಹೊರಗಿನ ಗಾಳಿಯನ್ನೂ ಎಳೆಯುತ್ತದೆ, ಸುರಂಗದೊಳಗೆ ವೇಗ ಕಡಿಮೆಯಾಗುತ್ತದೆ. ರೆಗ್ಯುಲೇಟರಿನ ಗೊಡವೆಯೇ ಬೇಡ. ಪೂರ್ತಿ ಮುಚ್ಚಿದರೆ ಸುರಂಗದ ನಡುವೆ ಸೆಕೆಂಡಿಗೆ ಎಂಟೂವರೆ ಮೀಟರ್ ಸಿಗುತ್ತದೆ.

ಗಾಳಿ ಒಳಗೆ ಬರುವ ಬಾಯಿಗೆ ಜೇನುಗೂಡಿನ ಹಾಗೆ ಒಂದು ಜಾಲರಿ ಬೇಕು. ಅದಕ್ಕೆ ಕರೆಂಟಿನ ವೈರ್ ಎಳೆಯುವ 20 ಮಿ.ಮೀ. ಪಿವಿಸಿ ಪೈಪ್ ಏಳು ತಂದು, 10 ಸೆಂ.ಮೀ. ತುಂಡು ಮಾಡಿ, 210 ತುಂಡನ್ನೂ ಒತ್ತಾಗಿ ಜೋಡಿಸಿದೆ. ಈಗ ಊದುಬತ್ತಿಯ ಹೊಗೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ.

ಮರಳ ಹಾಸು ಸುರಂಗದ ಬಾಯಿಯಿಂದ 60 ಸೆಂ.ಮೀ. ಬಿಟ್ಟು ಶುರುವಾಗುತ್ತದೆ. ಉದ್ದ 1.2 ಮೀಟರ್, ಆಳ 2 ಸೆಂ.ಮೀ. ಅದರ ಮುಂದೆ ತಳದಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ಟ್ರೇ. ಹಾರಿ ಬಂದ ಮರಳು ಅಲ್ಲಿ ಬೀಳಬೇಕು, ಫ್ಯಾನಿನ ರೆಕ್ಕೆಗೆ ತಾಗಬಾರದು. ಮರಳಿನ ಮೇಲ್ಮೈ ಅದರ ಹಿಂದಿನ ತಳಕ್ಕಿಂತ ಎತ್ತರ ಇದ್ದರೆ ಗಾಳಿ ಆ ಅಂಚನ್ನೇ ಕೊರೆದು ತಿನ್ನುತ್ತದೆ. ಮೊದಲ ಸಲ ಹಾಗೇ ಆಗಿ, ಅರ್ಧ ಗಂಟೆಯಲ್ಲಿ ಅಂಚು ಒಂದು ಗೇಣು ಒಳಕ್ಕೆ ಸರಿಯಿತು. ಉಳಿದಿದ್ದ ಪ್ಲೈವುಡ್‌ ತುಂಡುಗಳನ್ನು ಒಂದರ ಮೇಲೊಂದು ಹಾಕಿ ಹಿಂದಿನ ತಳವನ್ನೂ ಮರಳಿನ ಮಟ್ಟಕ್ಕೆ ಏರಿಸಿದ ಮೇಲೆ ಸರಿಹೋಯಿತು.

ಮರಳು ಮತ್ತು ಧೂಳು

ಪರಿಚಯದವರೊಬ್ಬರ ಸಿವಿಲ್ ಲ್ಯಾಬಿನಿಂದ ನಾಲ್ಕು ಜರಡಿ ಎರವಲು ತಂದೆ: 600, 300, 150 ಮತ್ತು 75 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕಟ್ಟಡಕ್ಕೆ ತಂದ ಮರಳನ್ನು ತೊಳೆದು, ಒಣಗಿಸಿ, ಜರಡಿ ಹಿಡಿದೆ. 150ರಿಂದ 300ರ ನಡುವಿನದು ನನ್ನ ‘ದಿಬ್ಬದ ಮರಳು’. ಮರುಭೂಮಿಯ ದಿಬ್ಬಗಳಲ್ಲಿ ಇರುವುದೂ ಹೆಚ್ಚಾಗಿ ಈ ಗಾತ್ರದ್ದೇ. 600ರ ಜರಡಿಯ ಮೇಲೆ ಉಳಿದದ್ದು ‘ದಪ್ಪ ಮರಳು’. ಅದಕ್ಕೆ ನೀಲಿ ಬಣ್ಣ ಹಾಕಿ ಒಣಗಿಸಿದೆ, ಆಮೇಲೆ ಎಲ್ಲಿ ಹೋಯಿತು ಅಂತ ಗುರುತು ಸಿಗಲಿ ಅಂತ.

ಧೂಳಿಗೆ ಮೊದಲು ಕೆರೆಯ ಹೂಳು ತಂದಿದ್ದೆ. ಅದು ಆಗಲಿಲ್ಲ. ಅದರಲ್ಲಿ ಜೇಡಿ ಜಾಸ್ತಿ. ಒಣಗಿದರೆ ಹೆಂಟೆ, ಕುಟ್ಟಿದರೆ ಚಿಕ್ಕ ಹೆಂಟೆ. ಜರಡಿಯಲ್ಲಿ ಪುಡಿ ಅನಿಸಿದ್ದು ಭೂತಗನ್ನಡಿಯಲ್ಲಿ ನೋಡಿದರೆ ಹತ್ತಾರು ಕಣಗಳು ಸೇರಿದ ಉಂಡೆ. ಕೊನೆಗೆ ಕ್ರಷರ್‌ನಲ್ಲಿ ಕಲ್ಲು ಒಡೆಯುವಾಗ ಬರುವ ಪುಡಿಯನ್ನು ತಂದು, 75 ಮೈಕ್ರಾನ್ ಜರಡಿಯಲ್ಲಿ ಸಾಣಿಸಿದೆ. ಇದು ಚೆನ್ನಾಗಿ ಒದಗಿತು. ನಿಸರ್ಗದಲ್ಲೂ ಈ ಗಾತ್ರದ ಧೂಳು ಬಹಳಷ್ಟು ಹುಟ್ಟುವುದು ಬಂಡೆ ಅರೆದೇ. ಹಿಮನದಿಗಳು ಬಂಡೆಯನ್ನು ಉಜ್ಜುತ್ತವೆ, ಎತ್ತರದ ಬೆಟ್ಟಗಳಲ್ಲಿ ಹಿಮ ಕಲ್ಲನ್ನು ಸೀಳುತ್ತದೆ, ಹೊಳೆಗಳು ಆ ಪುಡಿಯನ್ನು ಬಯಲಿಗೆ ತಂದು ಹರಡುತ್ತವೆ. ಗಾಳಿ ಅದನ್ನು ಎತ್ತುವುದು ಅಲ್ಲಿಂದ.

ಜುಲೈ: ಒದ್ದೆ ಮರಳಿನ ಪಾಠ

ಆಷಾಢದ ಗಾಳಿ ಹೊರಗೆ ಮರ ಅಲ್ಲಾಡಿಸುತ್ತಿತ್ತು, ನನ್ನ ಸುರಂಗದಲ್ಲಿ ಮಾತ್ರ ಎಂಟೂವರೆ ಮೀಟರಿನಲ್ಲೂ ಮರಳು ಸುಮ್ನೆ ಮಲಗಿತ್ತು. ಲೆಕ್ಕದ ಪ್ರಕಾರ ಕಾಲು ಮಿಲಿಮೀಟರಿನ ಮರಳು 6 ಮೀಟರಿನ ಹತ್ತಿರವೇ ಏಳಬೇಕು. ಮುಟ್ಟಿದರೆ ಒದ್ದೆ ಅನಿಸಲಿಲ್ಲ. ಆದರೂ ಬೆರಳಿನಿಂದ ಗೀರಿದರೆ ಗೀರು ಹಾಗೇ ಉಳಿಯುತ್ತಿತ್ತು. ಅದೇ ಗುರುತು. ಪೂರ್ತಿ ಒಣಗಿದ ಮರಳಿನಲ್ಲಿ ಗೀರಿನ ಅಂಚು ತಕ್ಷಣ ಕುಸಿಯುತ್ತದೆ. ಕಣಗಳು ಮುಟ್ಟುವ ಜಾಗದಲ್ಲಿ ಕೂತ ತೆಳ್ಳನೆಯ ನೀರು ಅವನ್ನು ಹಿಡಿದುಕೊಂಡಿರುತ್ತದೆ, ಅಷ್ಟು ಸಾಕು ಗಾಳಿಯನ್ನು ಸೋಲಿಸೋಕೆ.

ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಮರಳನ್ನು ಹುರಿದೆ, ಕಡಲೆ ಹುರಿಯುವ ಹಾಗೆ. ಆರಿಸಿ ಹಾಕಿದ ತಕ್ಷಣ ಹಾರಿತು. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಮತ್ತೆ ಮಲಗಿತ್ತು. ಮಳೆಗಾಲದ ಗಾಳಿಯಿಂದ ಅದು ತೇವ ಎಳೆದುಕೊಂಡಿತ್ತು. ಅಲ್ಲಿಗೆ ಕೆಲಸ ನಿಲ್ಲಿಸಿದೆ. ಈ ನಡುವೆ ಇನ್ನೊಂದು ತೊಂದರೆ ಸರಿಮಾಡಿದೆ. ಅಕ್ರಿಲಿಕ್ ಹಾಳೆಗೆ ಧೂಳು ಅಂಟಿಕೊಂಡು ಒಳಗೆ ಏನೂ ಕಾಣುತ್ತಿರಲಿಲ್ಲ. ಬಟ್ಟೆಯಿಂದ ಒರೆಸಿದಷ್ಟೂ ಅದರಲ್ಲಿ ವಿದ್ಯುತ್ ಕೂಡಿ ಇನ್ನೂ ಜಾಸ್ತಿ ಅಂಟುತ್ತಿತ್ತು. ಅದನ್ನು ತೆಗೆದು 5 ಮಿ.ಮೀ. ಗಾಜು ಹಾಕಿಸಿದೆ.

ಫೆಬ್ರವರಿ: ಮರಳು ಎದ್ದಿತು

ಚಳಿ ಇಳಿದು ಒಣ ಗಾಳಿ ಬಂದ ಮೇಲೆ ಮತ್ತೆ ಶುರು. ಹಾಸಿನಲ್ಲಿ ದಿಬ್ಬದ ಮರಳು ಮಾತ್ರ. ಕಿಂಡಿಯನ್ನು ನಿಧಾನವಾಗಿ ಮುಚ್ಚುತ್ತಾ ಬಂದೆ. 5 ಮೀಟರಿನಲ್ಲಿ ಏನಿಲ್ಲ. 6 ಮೀಟರಿನ ಹತ್ತಿರ ಬರುವಾಗ ಒಂದೊಂದು ಕಣ ನಿಂತಲ್ಲೇ ತೂಗಿ ಉರುಳಿತು. ಮರುಕ್ಷಣ ಇಡೀ ಹಾಸು ಎದ್ದಿತು. ಗಾಜಿನ ಆಚೆ ಮೊಣಕೈ ಎತ್ತರದಿಂದ ಟಾರ್ಚ್ ಬಿಟ್ಟು ನೋಡಿದರೆ, ನೆಲಕ್ಕೆ ಅಂಟಿದ ಹಾಗೆ ಒಂದು ಮಂಜು ಹರಿಯುತ್ತಿತ್ತು. ಗಾಜಿಗೆ ಅಂಟಿಸಿದ ಸ್ಕೇಲ್ ಪ್ರಕಾರ ಅದರ ಮುಕ್ಕಾಲು ಪಾಲು 5 ಸೆಂ.ಮೀ. ಒಳಗೇ ಇತ್ತು.

ಒಂದೊಂದೇ ಕಣವನ್ನು ಕಣ್ಣಲ್ಲಿ ಹಿಂಬಾಲಿಸಿದೆ. ಅದು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಮೇಲಿನ ವೇಗದ ಗಾಳಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಅದು ಓರೆಯಾಗಿ, ನೆಲಕ್ಕೆ ಹತ್ತು ಹದಿನೈದು ಡಿಗ್ರಿ ಕೋನದಲ್ಲಿ ಬಂದು ಬಡಿಯುತ್ತದೆ. ಬಡಿದ ಏಟಿಗೆ ತಾನೂ ಪುಟಿಯುತ್ತದೆ, ಪಕ್ಕದ ನಾಲ್ಕಾರನ್ನೂ ಎಬ್ಬಿಸುತ್ತದೆ. ದಿಬ್ಬದ ಮರಳಿನ ನಡಿಗೆ ಇದು. ಹಾರುವುದಲ್ಲ, ಕುಪ್ಪಳಿಸುವುದು.

ಈಗ ಕಿಂಡಿಯನ್ನು ಮತ್ತೆ ತೆರೆಯುತ್ತಾ ಬಂದೆ, ಹಿಂದಿನಿಂದ ಚಿಟಿಕೆ ಚಿಟಿಕೆ ಮರಳು ಉದುರಿಸುತ್ತಾ. ಏಳೋಕೆ 6 ಮೀಟರ್ ಬೇಕಿದ್ದ ಮರಳು 5 ಮೀಟರಿಗೆ ಇಳಿದರೂ ಕುಪ್ಪಳಿಸುತ್ತಲೇ ಇತ್ತು. ಒಮ್ಮೆ ಶುರುವಾದ ಮೇಲೆ ಗಾಳಿಗೆ ಕೆಲಸ ಕಡಿಮೆ, ಕಣಗಳೇ ಕಣಗಳನ್ನು ಎಬ್ಬಿಸುತ್ತವೆ.

ಸಿಮೆಂಟು

ನಾನು ಇಷ್ಟೆಲ್ಲ ಕಷ್ಟಪಟ್ಟದ್ದು ಈ ಒಂದು ಪ್ರಯೋಗಕ್ಕೆ. ರಾಲ್ಫ್ ಬ್ಯಾಗ್ನೋಲ್ಡ್ ಅಂತ ಬ್ರಿಟಿಷ್ ಸೈನ್ಯದ ಇಂಜಿನಿಯರ್ ಒಬ್ಬರಿದ್ದರು. 1920ರ ದಶಕದ ಕೊನೆಯಿಂದ ಲಿಬಿಯಾದ ಮರುಭೂಮಿಯಲ್ಲಿ ಕಾರು ಓಡಿಸಿಕೊಂಡು ಅಲೆದವರು. 1935ರಲ್ಲಿ ಸೈನ್ಯ ಬಿಟ್ಟು, ಲಂಡನ್ನಿನಲ್ಲಿ ಪ್ಲೈವುಡ್ಡು ಗಾಜು ಸೇರಿಸಿ ಗಾಳಿ ಸುರಂಗ ಕಟ್ಟಿ, ಮರಳು ಹೇಗೆ ಓಡಾಡುತ್ತದೆ ಅನ್ನುವುದನ್ನು ಅಳೆದು, 1941ರಲ್ಲಿ ಪ್ರಕಟಿಸಿದರು. ಅವರು ಸಿಮೆಂಟಿನ ಪುಡಿಯನ್ನು ನಯವಾಗಿ ಹರಡಿ ಗಾಳಿ ಬಿಟ್ಟರು. ನಾಲ್ಕೂವರೆ ಮಿಲಿಮೀಟರಿನ ಹರಳನ್ನು ಉರುಳಿಸುವಷ್ಟು ಜೋರು ಗಾಳಿಗೂ ಸಿಮೆಂಟು ಏಳಲಿಲ್ಲ.

ನಂಬೋಕೆ ಕಷ್ಟ ಅಲ್ವಾ? ಕಣ ಚಿಕ್ಕದಾದಷ್ಟೂ ಹಗುರ, ಹಗುರವಾದಷ್ಟೂ ಬೇಗ ಹಾರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ನಾನೂ ಮಾಡಿ ನೋಡಿದೆ. ಹೊಸ ಚೀಲದ ಒಣ ಸಿಮೆಂಟನ್ನು ಒಂದು ಸೆಂಟಿಮೀಟರ್ ದಪ್ಪ ಹರಡಿ, ಗಾಜಿನ ಪಟ್ಟಿಯಿಂದ ಎಳೆದು ಕನ್ನಡಿಯಷ್ಟು ನಯ ಮಾಡಿದೆ. ಕಿಂಡಿ ಪೂರ್ತಿ ಮುಚ್ಚಿದೆ, ಎಂಟೂವರೆ ಮೀಟರ್. ಮೊದಲ ಎರಡು ಸೆಕೆಂಡು ಅಲ್ಲಲ್ಲಿ ಎದ್ದು ನಿಂತಿದ್ದ ಚೂರುಗಳು ಹಾರಿಹೋದವು. ಆಮೇಲೆ ಏನೂ ಇಲ್ಲ. ಐದು ನಿಮಿಷ ಕಾದೆ. ಗಾಜಿನ ಪಟ್ಟಿ ಎಳೆದಾಗ ಬಿದ್ದಿದ್ದ ಸಣ್ಣ ಗೆರೆ ಕೂಡ ಅಳಿಸಲಿಲ್ಲ.

ಆಮೇಲೆ ಹಿಂದಿನಿಂದ ಒಂದು ಚಿಟಿಕೆ ದಿಬ್ಬದ ಮರಳು ಬಿಟ್ಟೆ. ಒಂದೊಂದು ಕಣ ಬಿದ್ದಲ್ಲೂ ಪಟ್ ಅಂತ ಧೂಳಿನ ಚಿಕ್ಕ ಉಂಡೆ ಎದ್ದಿತು. ಉಂಡೆ ಎಳೆಯಾಯಿತು, ಎಳೆ ಮೋಡವಾಯಿತು, ಮೋಡ ಸುರಂಗದ ಮೇಲ್ಮುಚ್ಚಳ ಮುಟ್ಟಿ ಫ್ಯಾನಿನಿಂದ ಹೊರಗೆ ಹೋಯಿತು. ಮರಳು ದಾಟಿ ಹೋದ ಮೇಲೆ ಮತ್ತೆ ನಿಶ್ಶಬ್ದ. ಹತ್ತಿರದಿಂದ ನೋಡಿದರೆ ನಯವಾಗಿದ್ದ ಮೇಲ್ಮೈ ತುಂಬ ಉದ್ದುದ್ದ ಸಣ್ಣ ಕುಳಿಗಳು, ಮಳೆಯ ಮೊದಲ ಹನಿ ಬಿದ್ದ ಧೂಳಿನ ರಸ್ತೆಯ ಹಾಗೆ.

ಕಾರಣ ಎರಡು. ಕಣಗಳು ಸಣ್ಣದಾದ ಹಾಗೆ ತೂಕ ಬಹಳ ಬೇಗ ಇಳಿಯುತ್ತದೆ, ಒಂದಕ್ಕೊಂದು ಅಂಟುವ ಬಲ ಅಷ್ಟು ಬೇಗ ಇಳಿಯುವುದಿಲ್ಲ. ನೂರು ಮೈಕ್ರಾನ್ ಆಸುಪಾಸಿನಿಂದ ಕೆಳಗೆ ಹೋದರೆ ಅಂಟೇ ಗೆಲ್ಲುತ್ತದೆ. ಇನ್ನೊಂದು, ನಯವಾದ ಧೂಳಿನ ಮೇಲ್ಮೈಯಲ್ಲಿ ಗಾಳಿಗೆ ಹಿಡಿಯೋಕೆ ಸಿಗುವಂಥದ್ದು ಏನೂ ಇರುವುದಿಲ್ಲ, ಪ್ರತಿ ಕಣವೂ ಗಾಳಿ ಮಂದವಾಗಿರುವ ತೆಳು ಪದರದಲ್ಲಿ ಅಡಗಿರುತ್ತದೆ. ಆದ್ದರಿಂದ ಗಾಳಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಧೂಳೂ ಅಲ್ಲ, ಹರಳೂ ಅಲ್ಲ, ನಡುವಿನ ನಯ ಮರಳು. ಆ ಮರಳು ಬಂದು ಬಡಿದರೆ ಧೂಳು ಏಳುತ್ತದೆ. ಎದ್ದ ಮೇಲೆ ಕತೆಯೇ ಬೇರೆ, ಮರಳು ಎರಡು ಗೇಣು ಹೋಗಿ ಬೀಳುತ್ತದೆ, ಧೂಳು ಬೀಳೋದೇ ಇಲ್ಲ.

ಮೂರನ್ನೂ ಬೆರೆಸಿ

ಈಗ ನಿಜವಾದ ಬಯಲಿನ ಹಾಗೆ ಎಲ್ಲ ಸೇರಿಸಿದೆ: 6 ಕಿಲೋ ದಿಬ್ಬದ ಮರಳು, 2 ಕಿಲೋ ನೀಲಿ ದಪ್ಪ ಮರಳು, 2 ಕಿಲೋ ಕ್ರಷರ್ ಧೂಳು. ಚೆನ್ನಾಗಿ ಕಲಸಿ ಹಾಸಿದೆ. ಏಳೂವರೆ ಮೀಟರ್ ಗಾಳಿ, ಹತ್ತು ನಿಮಿಷ.

ಮೊದಲು ಹಾಸು ಬೂದು ಬಣ್ಣಕ್ಕಿತ್ತು. ಮೂರು ನಿಮಿಷಕ್ಕೆ ಅಲ್ಲಲ್ಲಿ ನೀಲಿ ಮೂಡಿತು. ಐದು ನಿಮಿಷಕ್ಕೆ ಗಾಳಿಗೆ ಅಡ್ಡವಾಗಿ ಅಲೆಗಳು ಎದ್ದವು, ಒಂದರಿಂದೊಂದಕ್ಕೆ ನಾಲ್ಕು ಬೆರಳಗಲ. ಪ್ರತಿ ಅಲೆಯ ನೆತ್ತಿಯ ಮೇಲೂ ಒಂದು ನೀಲಿ ಗೆರೆ, ಸೀರೆಗೆ ಅಂಚು ಹಾಕಿದ ಹಾಗೆ. ದಪ್ಪ ಕಣ ಕುಪ್ಪಳಿಸಲಾರದು. ಮರಳು ಹಿಂದಿನಿಂದ ಬಂದು ಬಡಿದಾಗಲೆಲ್ಲ ಒಂದಿಷ್ಟು ತೆವಳುತ್ತದೆ. ಅಲೆಯ ಗಾಳಿಮುಖದಲ್ಲಿ ಏಟು ಜಾಸ್ತಿ, ಆದ್ದರಿಂದ ತೆವಳುತ್ತಾ ನೆತ್ತಿಗೆ ಬರುತ್ತದೆ. ನೆತ್ತಿಯ ಆಚೆ ನೆರಳು, ಅಲ್ಲಿ ಏಟೇ ಬೀಳುವುದಿಲ್ಲ, ಹಾಗಾಗಿ ಅಲ್ಲೇ ನಿಲ್ಲುತ್ತದೆ. ನೀರು ಮಾಡಿದ ಅಲೆಗುರುತಿನಲ್ಲಿ ದಪ್ಪ ಕಣ ಹೆಚ್ಚಾಗಿ ತಗ್ಗಿನಲ್ಲಿ ಸೇರುತ್ತದೆ. ಹಳೆಯ ಮರಳುಗಲ್ಲಿನಲ್ಲಿ ಅಲೆಗುರುತು ಸಿಕ್ಕರೆ ಗಾಳಿಯದೋ ನೀರಿನದೋ ಅಂತ ಹೇಳೋಕೆ ಇದೂ ಒಂದು ಸುಳಿವು.

ಗುಂಡಿಯ ಟ್ರೇಯನ್ನು ಐದು ನಿಮಿಷಕ್ಕೊಮ್ಮೆ ತೂಗಿದೆ. ಮೊದಲ ಐದು ನಿಮಿಷದಲ್ಲಿ 610 ಗ್ರಾಂ, ಎರಡನೇ ಐದರಲ್ಲಿ 280. ಗಾಳಿ ಅಷ್ಟೇ ಇದ್ದರೂ ಸಾಗಣೆ ಅರ್ಧಕ್ಕಿಂತ ಕೆಳಗೆ ಬಂತು. ಮೇಲ್ಮೈಯನ್ನು ನೀಲಿ ಹರಳು ಮುಚ್ಚುತ್ತಾ ಬಂದಿತ್ತು, ಅಡಿಯ ಮರಳಿಗೆ ಗಾಳಿ ತಾಗುತ್ತಿರಲಿಲ್ಲ. ಮರುಭೂಮಿಗಳಲ್ಲಿ ಕಲ್ಲು ಹಾಸಿದ ಹಾಗೆ ಕಾಣುವ ನೆಲಗಳಲ್ಲಿ ಕೆಲವು ಹೀಗೇ ಆದವು. ಬೆರಳಿನಿಂದ ಆ ನೀಲಿ ಪದರವನ್ನು ಒಂದು ಕಡೆ ಕೆದಕಿದೆ. ಅಲ್ಲಿಂದಲೇ ಮರಳು ಮತ್ತೆ ಹೊಗೆಯ ಹಾಗೆ ಎದ್ದಿತು.

ಟ್ರೇಯಲ್ಲಿ ಸಿಕ್ಕ 890 ಗ್ರಾಂ ಮರಳನ್ನು ಜರಡಿ ಹಿಡಿದೆ. ನೀಲಿ ಹರಳು ಒಂದು ಚಮಚ ಸಿಕ್ಕಿತು. 75ರ ಜರಡಿಯಿಂದ ಕೆಳಗೆ ಇಳಿದ ಧೂಳು 9 ಗ್ರಾಂ. ಬೆರೆಸುವಾಗ ಧೂಳು ಐದರಲ್ಲಿ ಒಂದು ಪಾಲಿತ್ತು, ಟ್ರೇಯಲ್ಲಿ ನೂರಕ್ಕೆ ಒಂದು ಪಾಲು. ಮುಷ್ಟಿಯಲ್ಲಿ ಹಿಡಿದು ಸುರಿದೆ. ಅಂಗೈ ಚೊಕ್ಕಟವಾಗಿತ್ತು. ತಲಕಾಡಿನಲ್ಲಿ ಕಂಡದ್ದು ಇದೇ.

ಅಮ್ಮ ಇಷ್ಟು ಹೊತ್ತು ಹಿತ್ತಲ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಊರಿನ ಕಣದಲ್ಲಿ ರಾಗಿ ತೂರಿದವರು. "ಇದು ತೂರೋದೇ ತಾನೇ?" ಅಂದರು. "ಗಟ್ಟಿ ಕಾಳು ಕಾಲ ಹತ್ತಿರ ಬೀಳುತ್ತೆ, ಜೊಳ್ಳು ಒಂದು ಮಾರು ಆಚೆ, ಹೊಟ್ಟು ಬೇಲಿ ದಾಟುತ್ತೆ. ನಿನ್ನ ಹೊಟ್ಟು ಎಲ್ಲಿ ಹೋಯ್ತು?"

ಹೊಟ್ಟು ಎಲ್ಲಿ ಹೋಯ್ತು

ಧೂಳನ್ನು ಹಿಡಿಯೋಕೆ ನಾನು ಮೊದಲು ಸುರಂಗದೊಳಗೇ ತಟ್ಟೆ ಇಟ್ಟಿದ್ದೆ. ಏನೂ ಸಿಗಲಿಲ್ಲ. ಲೆಕ್ಕ ಹಾಕಿದರೆ ಸಿಗಲೂ ಬಾರದು. ನಿಂತ ಗಾಳಿಯಲ್ಲಿ 20 ಮೈಕ್ರಾನ್ ಕಣ ಸೆಕೆಂಡಿಗೆ ಸುಮಾರು 3 ಸೆಂ.ಮೀ. ಮಾತ್ರ ಇಳಿಯುತ್ತದೆ. 30 ಸೆಂ.ಮೀ. ಇಳಿಯೋಕೆ ಹತ್ತು ಸೆಕೆಂಡು. ಅಷ್ಟರಲ್ಲಿ ಏಳೂವರೆ ಮೀಟರ್ ಗಾಳಿ ಅದನ್ನು 75 ಮೀಟರ್ ಒಯ್ದಿರುತ್ತದೆ. ನನ್ನ ಪೆಟ್ಟಿಗೆ ಎರಡೂವರೆ ಮೀಟರ್ ಕೂಡ ಇಲ್ಲ.

ಹಾಗಾಗಿ ತಟ್ಟೆಗಳನ್ನು ಫ್ಯಾನಿನ ಆಚೆ, ಹಿತ್ತಲಲ್ಲಿ ಇಟ್ಟೆ: 3, 6 ಮತ್ತು 12 ಮೀಟರ್ ದೂರದಲ್ಲಿ. ಹೊರಗಿನ ಗಾಳಿ ಕಲೆಸಬಾರದು ಅಂತ ಬೆಳಗಿನ ಜಾವ ಎಲೆ ಅಲುಗದ ಹೊತ್ತಿನಲ್ಲಿ ಮಾಡಿದೆ. ಮೊದಲ ದಿನ ಬರೀ ಸ್ಟೀಲ್ ತಟ್ಟೆ. ಬಿದ್ದ ಧೂಳು ಮತ್ತೆ ಮತ್ತೆ ಎದ್ದು ಹೋಗಿ, ತಟ್ಟೆ ಹೆಚ್ಚುಕಡಿಮೆ ಖಾಲಿ. ಎರಡನೇ ದಿನ ತಟ್ಟೆಯಲ್ಲಿ ಆಟದ ಗೋಲಿಗಳನ್ನು ಎರಡು ಪದರ ತುಂಬಿದೆ. ಧೂಳು ಅಳೆಯುವ ಸಂಶೋಧಕರೂ ಗೋಲಿ ತುಂಬಿದ ತಟ್ಟೆಯನ್ನೇ ಬಳಸುತ್ತಾರೆ. ಗೋಲಿಗಳ ಸಂದಿಗೆ ಇಳಿದ ಧೂಳನ್ನು ಗಾಳಿ ಮತ್ತೆ ಮುಟ್ಟಲಾರದು. ಹುಲ್ಲುಗಾವಲು ಮಾಡುವುದೂ ಇದನ್ನೇ. ಬೋಳು ನೆಲದಲ್ಲಿ ಬಿದ್ದ ಧೂಳು ನಿಲ್ಲುವುದಿಲ್ಲ, ಹುಲ್ಲಿನ ಬುಡದಲ್ಲಿ ಬಿದ್ದದ್ದು ಅಲ್ಲೇ ಕೂತು ಮುಂದಿನ ಮಳೆಗೆ ನೆಲವಾಗುತ್ತದೆ.

ಬೆರಕೆಯನ್ನು ಹೊಸದಾಗಿ ಹಾಸಿ ಮೂರು ಸಲ ಓಡಿಸಿದೆ. ಆಮೇಲೆ ಗೋಲಿಗಳನ್ನು ನೀರಿನಲ್ಲಿ ತೊಳೆದು, ಮೂರು ಗಾಜಿನ ಲೋಟಕ್ಕೆ ಹಾಕಿ, ತಲಾ 10 ಸೆಂ.ಮೀ. ಎತ್ತರ ನೀರು ಮಾಡಿದೆ. ನೀರೇ ಈಗ ನನ್ನ ಜರಡಿ. ಇಷ್ಟು ನೀರಿನಲ್ಲಿ 50 ಮೈಕ್ರಾನ್ ಕಣ ಮುಕ್ಕಾಲು ನಿಮಿಷದಲ್ಲಿ ತಳ ಸೇರುತ್ತದೆ, 20 ಮೈಕ್ರಾನ್ ಕಣಕ್ಕೆ ನಾಲ್ಕೂವರೆ ನಿಮಿಷ ಬೇಕು. ಮೂರನ್ನೂ ಒಟ್ಟಿಗೆ ಕಲಕಿ ಬಿಟ್ಟೆ. 3 ಮೀಟರಿನ ಲೋಟದಲ್ಲಿ ಒಂದು ನಿಮಿಷಕ್ಕೆ ತಳದಲ್ಲಿ ದಪ್ಪ ಪದರ ಕೂತಿತು, ನೀರಿನ ಹಿಂದೆ ಹಿಡಿದ ಪತ್ರಿಕೆಯ ತಲೆಬರಹ ಓದಲು ಬಂತು. 6 ಮೀಟರಿನದು ಐದು ನಿಮಿಷ ತೆಗೆದುಕೊಂಡಿತು. 12 ಮೀಟರಿನದು ಐದು ನಿಮಿಷ ಆದರೂ ತೆಳು ಮಜ್ಜಿಗೆಯ ಹಾಗೇ ಇತ್ತು. ನೀರು ಬಸಿದು, ಒಣಗಿಸಿ, ಚಿನ್ನ ತೂಗುವಂಥ ಚಿಕ್ಕ ತಕ್ಕಡಿಯಲ್ಲಿ ತೂಗಿದೆ: 1.9, 1.1 ಮತ್ತು 0.3 ಗ್ರಾಂ. ದೂರ ಹೋದ ಹಾಗೆ ಧೂಳು ಕಡಿಮೆ, ಮತ್ತು ನಯ.

ಇದೇ ನಕ್ಷೆ ಚೀನಾದ ಉತ್ತರದಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡಿದೆ. ಅಲ್ಲಿ ಮು ಉಸ್ ಮರುಭೂಮಿಯ ದಕ್ಷಿಣಕ್ಕೆ ಹಳದಿ ಧೂಳಿನ ಪ್ರಸ್ಥಭೂಮಿ ಇದೆ. ಗಾಳಿ ತಂದು ಕೂರಿಸಿದ ಇಂಥ ಧೂಳಿನ ನೆಲಕ್ಕೆ ಲೋಯೆಸ್ ಅನ್ನುತ್ತಾರೆ. ಹೆಸರು ಜರ್ಮನಿಯ ರೈನ್ ಕಣಿವೆಯದು. ಚೀನಾದ ಈ ನೆಲ ಗಾಳಿಯದೇ ಕೆಲಸ ಅಂತ 1870ರ ದಶಕದಲ್ಲಿ ವಾದಿಸಿದವರು ಫರ್ಡಿನಂಡ್ ಫಾನ್ ರಿಕ್ಟ್‌ಹೋಫನ್. ಅದರ ದಪ್ಪ ಬಹಳ ಕಡೆ ನೂರು ಮೀಟರ್ ದಾಟುತ್ತದೆ. ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುವ ಮಣ್ಣು, ಜನ ಅದರಲ್ಲೇ ಗುಹೆ ಕೊರೆದು ಮನೆ ಮಾಡಿಕೊಂಡಿದ್ದಾರೆ. ನೀರು ಕುಡಿದರೆ ಮಾತ್ರ ಕುಸಿಯುತ್ತದೆ. ಅಲ್ಲಿನ ಹೊಳೆಗೆ ಹಳದಿ ನದಿ ಅಂತ ಹೆಸರು ಬಂದದ್ದೂ ಈ ಮಣ್ಣಿನಿಂದ. ನಮ್ಮ ದೇಶದಲ್ಲಿ ಕಾಶ್ಮೀರದ ಕರೇವಾ ದಿಣ್ಣೆಗಳ ಮೇಲೆ ಲೋಯೆಸ್ ಇದೆ.

ಭೂವಿಜ್ಞಾನಿ ಲಿಯು ತುಂಗ್‌ಶೆಂಗ್ ಅವರು ಆ ಪ್ರಸ್ಥಭೂಮಿಯನ್ನು ಮೂರು ಪಟ್ಟಿಯಾಗಿ ಗುರುತಿಸಿದರು. ವಾಯವ್ಯದಲ್ಲಿ, ಮರುಭೂಮಿಯ ಪಕ್ಕದಲ್ಲಿ, ಮರಳು ಬೆರೆತ ಲೋಯೆಸ್. ನಡುವೆ ಸಾಧಾರಣ ಲೋಯೆಸ್. ಆಗ್ನೇಯದಲ್ಲಿ, ಶಿಯಾನ್ ನಗರದ ಕಡೆಗೆ, ಜೇಡಿಯ ಹಾಗೆ ನಯವಾದದ್ದು. ಚಳಿಗಾಲ ವಸಂತದಲ್ಲಿ ವಾಯವ್ಯದಿಂದ ಬೀಸುವ ಗಾಳಿ ತೂರಿದ ರಾಶಿ ಅದು. ನನ್ನ ಮೂರು ಲೋಟ ಅದೇ ದಿಕ್ಕಿನಲ್ಲಿ ಸಾಲಾಗಿ ನಿಂತಿದ್ದವು.

ದೂರದ ಲೆಕ್ಕವನ್ನೂ ಹಾಕಿದೆ. ಬಿರುಗಾಳಿ ಧೂಳನ್ನು ಒಂದು ಕಿಲೋಮೀಟರ್ ಎತ್ತರಕ್ಕೆ ಏರಿಸಿತು, ಅಲ್ಲಿ ಸೆಕೆಂಡಿಗೆ 10 ಮೀಟರ್ ಗಾಳಿ ಇದೆ ಅಂತಿಟ್ಟುಕೊಳ್ಳಿ. 50 ಮೈಕ್ರಾನ್ ಕಣ ಸೆಕೆಂಡಿಗೆ 20 ಸೆಂ.ಮೀ. ಇಳಿಯುತ್ತದೆ, ಸುಮಾರು 50 ಕಿಲೋಮೀಟರಿಗೆ ನೆಲ ಮುಟ್ಟುತ್ತದೆ. 20 ಮೈಕ್ರಾನ್ ಕಣ 300 ಕಿಲೋಮೀಟರ್ ದಾಟುತ್ತದೆ. ನಿಜವಾದ ಗಾಳಿ ಇಷ್ಟು ಸರಳ ಅಲ್ಲ, ಸುಳಿಗಳು ಕಣವನ್ನು ಮತ್ತೆ ಮೇಲೆತ್ತುತ್ತವೆ, ಕೆಲವು ಕಣ ಒಂದಕ್ಕೊಂದು ಅಂಟಿ ಬೇಗ ಬೀಳುತ್ತವೆ, ಮಳೆ ತೊಳೆದು ಇಳಿಸುತ್ತದೆ. ಆದರೂ ಪಟ್ಟಿಗಳು ಯಾಕೆ ನೂರು ನೂರು ಕಿಲೋಮೀಟರಿನ ಲೆಕ್ಕದಲ್ಲಿವೆ ಅನ್ನುವುದು ಇದರಲ್ಲಿ ಕಾಣುತ್ತದೆ. ದಿಬ್ಬದ ಮರಳು ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಜೋರಾಗಿ ಬೀಳುತ್ತದೆ, ನೆಲ ಬಿಟ್ಟು ಎದ್ದದ್ದೇ ಕೆಲವು ಸೆಂಟಿಮೀಟರ್. ಅದು ಮರುಭೂಮಿಯಲ್ಲೇ ಉಳಿಯುತ್ತದೆ.

ಈಗ ಬಾಕಿ ಇರುವುದು ಹುಲ್ಲು. ಗೋಲಿ ತಟ್ಟೆಯ ಪಕ್ಕದಲ್ಲಿ ಗರಿಕೆ ಬೆಳೆದ ಒಂದು ಟ್ರೇ, ಒದ್ದೆ ಗೋಣಿ ಹಾಸಿದ ಒಂದು ಟ್ರೇ, ಬೋಳು ಮಣ್ಣಿನ ಒಂದು ಟ್ರೇ ಇಟ್ಟು ಯಾವುದರಲ್ಲಿ ಎಷ್ಟು ನಿಲ್ಲುತ್ತದೆ ಅಂತ ತೂಗಬೇಕು. ಗರಿಕೆ ನೆಟ್ಟು ಎರಡು ವಾರ ಆಯಿತು, ಇನ್ನೂ ಬೆರಳೆತ್ತರಕ್ಕೆ ಬಂದಿಲ್ಲ. 12 ಮೀಟರಿನ ತಟ್ಟೆಯ ಧೂಳನ್ನು ಒಂದು ಚಿಟಿಕೆ ಮತ್ತೆ ಲೋಟದ ನೀರಿಗೆ ಹಾಕಿ ಕಲಕಿ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಇಟ್ಟದ್ದು. ಸಂಜೆ ದೀಪ ಹಚ್ಚುವಾಗ ಅಮ್ಮ ನೋಡಿ ಹೇಳಿದರು, ನೀರು ಇನ್ನೂ ತಿಳಿಯಾಗಿಲ್ಲ ಅಂತ.